ಕ್ಯಾಲೆಂಡುಲಾ ಎಣ್ಣೆ: ಬಿಸಿಲಲ್ಲೋ, ಬಿಸಿನೀರಲ್ಲೋ?

ಮೊದಲಿಗೆ ಒಂದು ಮಾತು, ಕ್ಯಾಲೆಂಡುಲಾ ನಮ್ಮ ಚೆಂಡು ಹೂವಲ್ಲ, ಗಿಡವೇ ಬೇರೆ.

ಕಳೆದ ಜುಲೈನಲ್ಲಿ ನಾನು ಅದರ ಹೂವನ್ನು ಎಣ್ಣೆಯಲ್ಲಿ ನೆನೆಸಿ ಬಿಸಿಲಿಗಿಟ್ಟ ಬಾಟಲಿ ಹತ್ತೇ ದಿನಕ್ಕೆ ಬೂಸ್ಟು ಹಿಡಿಯಿತು. ದಳಗಳು ಒಣಗಿದ್ದವು, ಆದರೆ ಹೂವಿನ ಹಸಿರು ಬುಡದಲ್ಲಿ ನೀರು ಉಳಿದಿತ್ತು. ಬೂಸ್ಟಿಗೆ ಆ ತೇವವೇ ಸಾಕು. ಈಗ ಬುಡ ಚಿವುಟಿದರೆ ಪಟ್ಟನೆ ಮುರಿಯುವ ತನಕ ನೆರಳಲ್ಲಿ ಒಣಗಿಸುತ್ತೇನೆ.

ಬಿಸಿಲಿನ ವಿಧಾನ ಬೇಸಿಗೆಗೆ ಸರಿ. ಒಂದು ಕಪ್ ಒಣ ಹೂವಿಗೆ ಎರಡು ಕಪ್ ಎಳ್ಳೆಣ್ಣೆ ಹಾಕಿ, ಹೂವು ಪೂರ್ತಿ ಮುಳುಗಿರಬೇಕು. ಬಾಟಲಿಗೆ ಕಾಗದ ಸುತ್ತಿ ನಾಲ್ಕು ವಾರ ಇಡಿ. ಶಾಖ ಸಾಕು, ನೇರ ಬೆಳಕು ಬಿದ್ದರೆ ಎಣ್ಣೆ ಬೇಗ ಕಮಟಾಗುತ್ತದೆ. ಮುಚ್ಚಳದ ಒಳಗೆ ಹನಿ ಕಂಡರೆ ದಿನಾ ಒರೆಸಿ.

ಮಳೆಗಾಲದಲ್ಲಿ ಬಿಸಿನೀರೇ ವಾಸಿ. ನೀರಿನ ಪಾತ್ರೆಯೊಳಗೆ ಎಣ್ಣೆಯ ಬಟ್ಟಲಿಟ್ಟು, ಮುಚ್ಚದೆ, ಸಣ್ಣ ಉರಿಯಲ್ಲಿ ಮೂರು ಗಂಟೆ ಬಿಡಿ. ಇದ್ದಬದ್ದ ತೇವ ಆವಿಯಾಗಲು ದಾರಿ ಸಿಗುತ್ತದೆ. ಹೂವು ಕಂದಾದರೆ ಉರಿ ಹೆಚ್ಚಾಯಿತೆಂದೇ ಅರ್ಥ.

ಸೋಸಿದ ಮೇಲೆ ಒಂದು ರಾತ್ರಿ ಬಿಡಿ. ತಳದಲ್ಲಿ ನೀರಿನ ಹನಿ ಕಂಡರೆ ಮೇಲಿನ ಎಣ್ಣೆಯನ್ನಷ್ಟೇ ಬಗ್ಗಿಸಿಕೊಳ್ಳಿ. ವಿಟಮಿನ್ ಇ ಕಮಟನ್ನು ತಡಮಾಡುತ್ತದೆ, ಬೂಸ್ಟನ್ನು ತಡೆಯುವುದಿಲ್ಲ. ಬೂಸ್ಟು ಬಂದದ್ದನ್ನು ಸೋಸಿ ಬಳಸಬೇಡಿ, ಚೆಲ್ಲಿಬಿಡಿ.