ಸಂಡಿಗೆ ನೆನೆಯುವ ಮುಂಚೆ: ಫೋಟೊದಲ್ಲಿ ಮೋಡ ಗುರುತಿಸುವುದು ಹೇಗೆ?

ಏಪ್ರಿಲ್ ಕೊನೆಯ ವಾರ. ತುಮಕೂರಿನ ನಮ್ಮ ಮನೆ ತಾರಸಿಯ ಮೇಲೆ ಅಮ್ಮ ಎರಡು ಪಂಚೆ ಹಾಸಿ ಅರಳು ಸಂಡಿಗೆ ಇಟ್ಟಿದ್ದರು. ಇನ್ನೊಂದು ದಿನದ ಬಿಸಿಲು ಸಾಕಿತ್ತು. ಮಧ್ಯಾಹ್ನ ಮಳೆ ಬರುತ್ತಾ ಅಂತ ಕೇಳಿದರು. ನಾನು ಫೋನ್ ತಗೊಂಡು ತಾರಸಿ ಹತ್ತಿದೆ. ಆ ದಿನ ತೆಗೆದ ಐದು ಫೋಟೊ ಇಟ್ಟುಕೊಂಡೇ ಈ ವಿಷಯ ಹೇಳುತ್ತೇನೆ.

ಮೊದಲು ಫೋಟೊ ತೆಗೆಯುವ ಕ್ರಮ. ಫೋನನ್ನು ಅಡ್ಡ ಹಿಡಿಯಿರಿ. ಜೂಮ್ ಬೇಡ, ತುಂಬಾ ಅಗಲ ತೋರಿಸುವ ಲೆನ್ಸೂ ಬೇಡ, 1x ಇರಲಿ. ಕೆಳಗಿನ ಅಂಚಿನಲ್ಲಿ ನೀರಿನ ಟ್ಯಾಂಕೋ ತೆಂಗಿನ ಮರವೋ ಸಿಗುವ ಹಾಗೆ ನಿಂತುಕೊಳ್ಳಿ. ಆಮೇಲೆ ಪ್ರತಿ ಸಲವೂ ಅದೇ ಜಾಗದಲ್ಲಿ ನಿಂತೇ ತೆಗೆಯಿರಿ. ಮೋಡ ಬೆಳೆಯಿತೋ ಇಲ್ಲವೋ ಎಂದು ಅಳೆಯಲು ಆ ಟ್ಯಾಂಕೇ ನಿಮ್ಮ ಸ್ಕೇಲು. ಸೂರ್ಯ ಚೌಕಟ್ಟಿನೊಳಗೆ ಬರುವುದಾದರೆ ಅದನ್ನು ಟ್ಯಾಂಕಿನ ಹಿಂದೆ ಮರೆಮಾಡಿ.

ಫೋಟೊ ಕೈಗೆ ಬಂದ ಮೇಲೆ ಬಣ್ಣ ನೋಡಬೇಡಿ. ಕಪ್ಪು ಮೋಡ ಅಂದರೆ ಮಳೆ ಅನ್ನುವುದು ಅರ್ಧ ಸತ್ಯ. ದಪ್ಪ ಮೋಡದ ತಳ ಕಪ್ಪಗಿರುತ್ತದೆ, ನಿಜ. ಆದರೆ ಸೂರ್ಯನಿಗೆ ಅಡ್ಡ ಬಂದ ಸಣ್ಣ ಮೋಡವೂ ಫೋಟೊದಲ್ಲಿ ಕಪ್ಪಗೇ ಬರುತ್ತದೆ. ನೋಡಬೇಕಾದ್ದು ಮೋಡದ ಅಂಚು, ಅದರಲ್ಲೂ ನೆತ್ತಿಯ ಅಂಚು. ಹೂಕೋಸಿನ ಹಾಗೆ ಗಂಟುಗಂಟಾಗಿ, ಕತ್ತರಿಸಿಟ್ಟಂತೆ ಚೊಕ್ಕವಾಗಿದ್ದರೆ ಅಲ್ಲಿರುವುದು ಹೆಚ್ಚಾಗಿ ನೀರಿನ ಹನಿ. ಬಾಚಿದ ಕೂದಲಿನ ಹಾಗೆ ಎಳೆಎಳೆಯಾಗಿ ಆಕಾಶದಲ್ಲಿ ಕರಗಿಹೋಗುತ್ತಿದ್ದರೆ ಅಲ್ಲಿ ಹಿಮದ ಹರಳುಗಳಿವೆ. ನೀರಿನ ಹನಿ ಒಣ ಗಾಳಿಯಲ್ಲಿ ಬೇಗ ಆರಿಹೋಗುತ್ತದೆ, ಅದಕ್ಕೇ ಅಂಚು ಚೂಪು. ಹಿಮದ ಹರಳು ಅಷ್ಟು ಬೇಗ ಆರುವುದಿಲ್ಲ. ಗಾಳಿ ಅದನ್ನು ಎಳೆದುಕೊಂಡು ಹೋಗುತ್ತದೆ.

ಬೆಳಗ್ಗೆ 8ಕ್ಕೆ ತೆಗೆದ ಮೊದಲ ಫೋಟೊದಲ್ಲಿ ಚಿಕ್ಕ ಚಿಕ್ಕ ಉಂಡೆಗಳ ಸಾಲು ಇತ್ತು. ಹೀಗೆ ಉಂಡೆ ಕಂಡಾಗ ಗಾತ್ರ ಅಳೆಯಬೇಕು. ಕಣ್ಣಾರೆ ನೋಡುವಾಗ ಕೈ ಚಾಚಿ ಕಿರುಬೆರಳು ಹಿಡಿದರೆ ಅದರ ಅಗಲ ಸುಮಾರು 1 ಡಿಗ್ರಿ, ನಡುವಿನ ಮೂರು ಬೆರಳು ಸೇರಿಸಿದರೆ ಸುಮಾರು 5 ಡಿಗ್ರಿ. ಫೋಟೊದಲ್ಲಿ ಬೆರಳು ಹಿಡಿಯಲಾಗುವುದಿಲ್ಲ ಅಲ್ವಾ? ಅದಕ್ಕೊಂದು ದಾರಿ ಇದೆ. ಅಡ್ಡ ಹಿಡಿದ ಫೋನಿನ ಮುಖ್ಯ ಕ್ಯಾಮೆರಾ ಸಾಮಾನ್ಯವಾಗಿ 65ರಿಂದ 70 ಡಿಗ್ರಿ ಅಗಲದ ಆಕಾಶವನ್ನು ಹಿಡಿಯುತ್ತದೆ. ಅಂದರೆ ಫೋಟೊದ ಅಗಲವನ್ನು 70 ಪಾಲು ಮಾಡಿದರೆ ಒಂದು ಪಾಲು ಸರಿಸುಮಾರು 1 ಡಿಗ್ರಿ. ಉಂಡೆ ಅದಕ್ಕಿಂತ ಚಿಕ್ಕದಿದ್ದು ನೆರಳಿಲ್ಲದೆ ಬೆಳ್ಳಗಿದ್ದರೆ ತುಂಬಾ ಎತ್ತರದ ಸಿರೋಕ್ಯುಮುಲಸ್. ಒಂದರಿಂದ ಐದು ಪಾಲಿನಷ್ಟಿದ್ದರೆ ನಡು ಎತ್ತರದ ಆಲ್ಟೊಕ್ಯುಮುಲಸ್. ಐದಕ್ಕಿಂತ ದೊಡ್ಡದಿದ್ದರೆ ಕೆಳಗಿನ ಸ್ಟ್ರಾಟೊಕ್ಯುಮುಲಸ್. ಈ ಲೆಕ್ಕ ದಿಗಂತದ ಹತ್ತಿರ ನಡೆಯುವುದಿಲ್ಲ. ಅಲ್ಲಿ ದೂರದ ಉಂಡೆಗಳೆಲ್ಲ ಒತ್ತಿಕೊಂಡು ಚಿಕ್ಕದಾಗಿ ಕಾಣುತ್ತವೆ. ದಿಗಂತದಿಂದ 30 ಡಿಗ್ರಿಗಿಂತ ಮೇಲಿರುವ ಉಂಡೆಯನ್ನೇ ಆರಿಸಿಕೊಳ್ಳಿ.

ನನ್ನ ಫೋಟೊದ ಉಂಡೆಗಳು ಎರಡು ಪಾಲಿನಷ್ಟಿದ್ದವು, ಅಂದರೆ ಆಲ್ಟೊಕ್ಯುಮುಲಸ್. ಸುಮ್ನೆ ಚಪ್ಪಟೆಯಾಗಿ ಹರಡಿದ್ದರೆ ನಾನು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಆದರೆ ಒಂದೇ ಗೆರೆಯ ತಳದಿಂದ ಪುಟ್ಟ ಪುಟ್ಟ ಗೋಪುರಗಳು ಎದ್ದಿದ್ದವು, ಚಿತ್ರದುರ್ಗದ ಕೋಟೆ ಗೋಡೆಯ ತೆನೆಗಳ ಹಾಗೆ. ಇದಕ್ಕೆ ಕ್ಯಾಸ್ಟೆಲ್ಲಾನಸ್ ಎಂದು ಹೆಸರು. ನೆಲ ಇನ್ನೂ ಕಾದಿಲ್ಲ, ಆಗಲೇ ನಡು ಎತ್ತರದಲ್ಲಿ ಗಾಳಿ ಮೇಲಕ್ಕೆ ಉಕ್ಕುತ್ತಿದೆ ಎಂದು ಇದರ ಅರ್ಥ. ಇದು ಒಂದು ಗಂಟೆಯಲ್ಲೇ ಮಾಯವಾಗಬಹುದು, ಆಮೇಲೆ ಆಕಾಶ ನೀಲಿಯಾಗಿ ನಮ್ಮನ್ನು ನಂಬಿಸುತ್ತದೆ. ಬೇಸಿಗೆಯ ಬೆಳಗ್ಗೆ ಈ ತೆನೆ ಕಂಡರೆ ಮಧ್ಯಾಹ್ನದ ಮೇಲೆ ಗುಡುಗಿನ ಮಳೆಗೆ ಅವಕಾಶ ಜಾಸ್ತಿ. ಬಂದೇ ಬರುತ್ತದೆ ಎಂದಲ್ಲ, ಮಧ್ಯಾಹ್ನ ಮನೆ ಬಿಟ್ಟು ದೂರ ಹೋಗಬೇಡಿ ಎಂದು.

12.40ರ ಫೋಟೊದಲ್ಲಿ ಪಶ್ಚಿಮಕ್ಕೆ ನಾಲ್ಕಾರು ಹತ್ತಿ ಗುಡ್ಡೆಗಳಿದ್ದವು. ಶಾಲೆಯ ಪುಸ್ತಕದಲ್ಲಿ ರಾಶಿ ಮೋಡ ಎಂದು ಓದಿದ ಕ್ಯುಮುಲಸ್ ಇದೇ. ಎತ್ತರಕ್ಕಿಂತ ಅಗಲವೇ ಹೆಚ್ಚಿತ್ತು. ಇಂಥ ಚಪ್ಪಟೆ ಗುಡ್ಡೆಯಿಂದ ಮಳೆ ಬರುವುದಿಲ್ಲ. ಅದರ ತಳ ಎಷ್ಟು ಎತ್ತರದಲ್ಲಿದೆ ಎಂದೂ ಲೆಕ್ಕ ಹಾಕಬಹುದು. ಹವಾಮಾನದ ಆ್ಯಪ್‌ನಲ್ಲಿ ತಾಪಮಾನದ ಜೊತೆ ಇಬ್ಬನಿ ಬಿಂದು, ಅಂದರೆ ಗಾಳಿಯ ತೇವ ಹನಿಗಟ್ಟಲು ಶುರುವಾಗುವ ತಾಪಮಾನ, ಕೊಟ್ಟಿರುತ್ತಾರೆ. ಎರಡರ ವ್ಯತ್ಯಾಸವನ್ನು 125ರಿಂದ ಗುಣಿಸಿದರೆ ತಳದ ಎತ್ತರ ಸುಮಾರಾಗಿ ಮೀಟರ್‌ನಲ್ಲಿ ಸಿಗುತ್ತದೆ. ಆ ದಿನ 34 ಮತ್ತು 20 ಇತ್ತು. 14ನ್ನು 125ರಿಂದ ಗುಣಿಸಿದರೆ 1,750 ಮೀಟರ್.

1.30ರ ಫೋಟೊದಲ್ಲಿ ಒಂದು ಗುಡ್ಡೆ ಟ್ಯಾಂಕಿಗಿಂತ ಎತ್ತರಕ್ಕೆ ಬಂದಿತ್ತು. ಇಲ್ಲೇ ಬಹಳ ಜನ ಎಡವುವುದು. ಮೋಡ ಬೆಳೆದರೂ ದೊಡ್ಡದಾಗಿ ಕಾಣುತ್ತದೆ, ಹತ್ತಿರ ಬಂದರೂ ದೊಡ್ಡದಾಗಿ ಕಾಣುತ್ತದೆ. ಗೊತ್ತಾಗಬೇಕೆಂದರೆ ತಳ ನೋಡಿ. ಹತ್ತಿರ ಬರುತ್ತಿರುವ ಮೋಡದ ತಳವೂ ಫೋಟೊದಲ್ಲಿ ಮೇಲಕ್ಕೆ ಸರಿಯುತ್ತದೆ. ತಳ ಇದ್ದಲ್ಲೇ ಇದ್ದು ನೆತ್ತಿ ಮಾತ್ರ ಏರಿದ್ದರೆ ಅದು ನಿಜವಾದ ಬೆಳವಣಿಗೆ. ನನ್ನದರಲ್ಲಿ ತಳ ಟ್ಯಾಂಕಿನ ಮುಚ್ಚಳದ ಮಟ್ಟದಲ್ಲೇ ಇತ್ತು. ನೆತ್ತಿ ಅಗಲಕ್ಕಿಂತ ಎತ್ತರವಾಗಿತ್ತು, ಅಂಚು ಇನ್ನೂ ಹೂಕೋಸು. ಈ ಹಂತಕ್ಕೆ ಕಂಜೆಸ್ಟಸ್ ಎನ್ನುತ್ತಾರೆ. ಇದೇ ಒಂದು ಒಳ್ಳೆಯ ಹನಿ ಉದುರಿಸಬಲ್ಲದು. ಅಮ್ಮನಿಗೆ ಹೇಳಿದೆ, ಇನ್ನೊಂದು ಗಂಟೆ ಬಿಸಿಲು ಕಾಯಿಸಿಕೊಳ್ಳಿ, ಆದರೆ ಪಂಚೆಯ ತುದಿ ಕೈಯಲ್ಲೇ ಇರಲಿ.

2.20ರ ಫೋಟೊವನ್ನು ದೊಡ್ಡದು ಮಾಡಿ ನೋಡಿದೆ. ನೆತ್ತಿಯ ಎಡಭಾಗ ಹೂಕೋಸಾಗಿಯೇ ಇತ್ತು, ಬಲಭಾಗದ ಗಂಟುಗಳು ಮಾತ್ರ ಒರೆಸಿದಂತೆ ಮಸುಕಾಗಿದ್ದವು. ಇಷ್ಟು ಸಾಕು. ನೆತ್ತಿ ಹಿಮವಾಯಿತು, ಮೋಡ ಕ್ಯುಮುಲೊನಿಂಬಸ್ ಆಯಿತು. ಇನ್ನು ಗುಡುಗು, ಸಿಡಿಲು, ಆಲಿಕಲ್ಲು ಎಲ್ಲಕ್ಕೂ ಅದು ತಯಾರು. ಒಂದು ಎಚ್ಚರ: ಕೆಲವು ಫೋನುಗಳು ಫೋಟೊವನ್ನು ತಾವೇ ತಿದ್ದಿ ಅಂಚನ್ನು ಚೂಪು ಮಾಡುತ್ತವೆ. ಹಾಗಾಗಿ ಅನುಮಾನ ಬಂದರೆ ಕಣ್ಣಾರೆ ಒಮ್ಮೆ ನೋಡಿ, ಹಿಂದಿನ ಫೋಟೊ ಪಕ್ಕಕ್ಕಿಟ್ಟು ಹೋಲಿಸಿ.

ಸಂಡಿಗೆ ಒಳಗೆ ಬಂತು. 2.45ಕ್ಕೆ ತೆಗೆದ ಕೊನೆಯ ಫೋಟೊದಲ್ಲಿ ನೆತ್ತಿ ಕಮ್ಮಾರನ ಅಡಿಗಲ್ಲಿನ ಹಾಗೆ ಚಪ್ಪಟೆಯಾಗಿ ಹರಡಿತ್ತು, ತಳದಿಂದ ನೆಲದವರೆಗೆ ಬೂದು ಪರದೆ ಇಳಿದಿತ್ತು. ಪರದೆ ನೆಲ ಮುಟ್ಟದೆ ನಡುವಲ್ಲೇ ಕರಗಿದ್ದರೆ ಹನಿ ದಾರಿಯಲ್ಲೇ ಆರುತ್ತಿದೆ ಎಂದು ತಿಳಿಯಿರಿ. ಇದು ಮುಟ್ಟಿತ್ತು. ಸ್ವಲ್ಪ ಹೊತ್ತಿಗೆ ತಣ್ಣನೆ ಗಾಳಿ ಧೂಳೆಬ್ಬಿಸಿಕೊಂಡು ಬಂತು, 3.10ಕ್ಕೆ ಮಳೆ.

ಇದೇ ಅಡಿಗಲ್ಲು ಸಂಜೆ ದಿಗಂತದಲ್ಲಿ ಬೆಳ್ಳಗೆ ಕಂಡರೆ ಗಾಬರಿ ಬೇಡ. ಈ ಮೋಡದ ನೆತ್ತಿ ನಮ್ಮ ಕಡೆ 12 ಕಿ.ಮೀ. ದಾಟುವುದು ಸಾಮಾನ್ಯ, ನೂರು ಕಿ.ಮೀ. ಆಚೆಯಿಂದಲೂ ಕಾಣುತ್ತದೆ. ತಳ ದಿಗಂತದ ಕೆಳಗೆ ಮರೆಯಾಗಿದ್ದರೆ ಅದು ಬೇರೆ ಊರಿನ ಮಳೆ. ಅದರಿಂದ ಹರಿದುಬಂದ ಹಿಮದ ತೆರೆ ಮರುದಿನ ನಮ್ಮ ಮೇಲೆ ತೆಳ್ಳಗೆ ಹರಡಿ, ಸೂರ್ಯನ ಸುತ್ತ 22 ಡಿಗ್ರಿಯ ಬಳೆ ಕಟ್ಟಬಹುದು. ತಣ್ಣನೆಯ ದೇಶಗಳಲ್ಲಿ ಆ ಬಳೆ ಕಂಡರೆ ಒಂದೆರಡು ದಿನದಲ್ಲಿ ಮಳೆ ಎನ್ನುತ್ತಾರೆ. ನಮ್ಮ ಬೇಸಿಗೆಯಲ್ಲಿ ನಾನು ಅದನ್ನಷ್ಟೇ ನೆಚ್ಚುವುದಿಲ್ಲ, ಅದು ನಿನ್ನೆಯ ಮಳೆಯ ಉಳಿಕೆ ಇದ್ದೀತು.

ಮೋಡ ತಲೆಯ ಮೇಲೇ ಬಂದರೆ ಫೋಟೊ ಕೈಕೊಡುತ್ತದೆ. ಕಾಣುವುದು ಕಪ್ಪು ತಳ ಮಾತ್ರ, ನೆತ್ತಿ ಸಿಗುವುದಿಲ್ಲ. ಆಗ ಕಿವಿಗೊಡಿ. ಮಿಂಚು ಕಂಡು 30 ಸೆಕೆಂಡು ಎಣಿಸುವುದರೊಳಗೆ ಗುಡುಗು ಕೇಳಿದರೆ ಸಿಡಿಲು 10 ಕಿ.ಮೀ. ಒಳಗಿದೆ. ಸಂಡಿಗೆ ಉಳಿದಿದ್ದರೂ ಬಿಟ್ಟು ಕೆಳಗಿಳಿಯಿರಿ. ಕೊನೆಯ ಗುಡುಗು ಕೇಳಿ 30 ನಿಮಿಷ ಆಗುವವರೆಗೆ ತಾರಸಿ ಹತ್ತಬೇಡಿ.