ಅಪ್ಪನ ಎರಡು ಜಮೀನು, ಎರಡು ಲೆಕ್ಕ

ಅಪ್ಪ ತೀರಿಕೊಂಡ ಮೇಲೆ ಪೌತಿ ಖಾತೆ ಆಗಿ, ಮಂಡ್ಯದ ಹತ್ತಿರದ ಎರಡು ಜಮೀನು ಅಣ್ಣನ ಮತ್ತು ನನ್ನ ಹೆಸರಿಗೆ ಜಂಟಿಯಾಗಿ ಬಂದವು. 2024ರ ಅಕ್ಟೋಬರ್‌ನಲ್ಲಿ ಎರಡನ್ನೂ ಮಾರಿದೆವು. ಎರಡೂ ಗ್ರಾಮ ಪಂಚಾಯ್ತಿ ವ್ಯಾಪ್ತಿಯವು, ಎರಡರ ಪಹಣಿಯಲ್ಲೂ ಕಬ್ಬು ಇತ್ತು. ಹಾಗಿದ್ದೂ ಒಂದಕ್ಕೆ ತೆರಿಗೆ ಬಿತ್ತು, ಇನ್ನೊಂದಕ್ಕೆ ಬೀಳಲಿಲ್ಲ.

‘ಪಂಚಾಯ್ತಿ ಜಮೀನಿಗೆ ಎಲ್ಲಿಯ ತೆರಿಗೆ ಬಿಡು’ ಎಂದಿದ್ದ ಅಣ್ಣ. ಊರಲ್ಲಿ ಎಲ್ಲರೂ ಹೇಳುವ ಮಾತು ಇದೇ, ಆದರೆ ಇದು ಅರ್ಧ ಸತ್ಯ. ಕೃಷಿ ಆದಾಯದ ಮೇಲೆ ತೆರಿಗೆ ಹಾಕುವ ಅಧಿಕಾರವನ್ನು ಸಂವಿಧಾನ ರಾಜ್ಯಗಳಿಗೆ ಬಿಟ್ಟಿದೆ. ಆದಾಯ ತೆರಿಗೆ ಕಾನೂನು ಕೂಡ ಮೊದಲು ಕೃಷಿ ಭೂಮಿಯನ್ನು ‘ಬಂಡವಾಳ ಆಸ್ತಿ’ ಎಂದು ಎಣಿಸುತ್ತಿರಲಿಲ್ಲ. ಪಟ್ಟಣದ ಅಂಚಿನ ಹೊಲಕ್ಕೆ ಬೆಲೆ ಬರುವುದು ಬೆಳೆಯಿಂದಲ್ಲ, ಪಟ್ಟಣ ಹತ್ತಿರ ಬರುವುದರಿಂದ. ಹಾಗಾಗಿ 1970ರ ತಿದ್ದುಪಡಿಯಲ್ಲಿ ಪಟ್ಟಣದೊಳಗಿನ ಮತ್ತು ಅದರ ಸುತ್ತಲಿನ ಕೃಷಿ ಭೂಮಿಯನ್ನು ತೆರಿಗೆಯ ಒಳಕ್ಕೆ ತಂದರು. ಅದರಾಚೆಯ ಭೂಮಿ ಇಂದಿಗೂ ಹೊರಗೇ ಇದೆ.

ಆ ಗೆರೆ ಎಲ್ಲಿದೆ ಎಂಬುದನ್ನು ಪಟ್ಟಣದ ಜನಸಂಖ್ಯೆ ತೀರ್ಮಾನಿಸುತ್ತದೆ. ಹತ್ತು ಸಾವಿರ ದಾಟಿ ಒಂದು ಲಕ್ಷದವರೆಗಿನ ಪಟ್ಟಣವಾದರೆ ಅದರ ಗಡಿಯಿಂದ 2 ಕಿ.ಮೀ., ಹತ್ತು ಲಕ್ಷದವರೆಗೆ 6 ಕಿ.ಮೀ., ಅದಕ್ಕೂ ಮೀರಿದರೆ 8 ಕಿ.ಮೀ. ಒಳಗಿನ ಭೂಮಿಗೆ ತೆರಿಗೆ ಇದೆ. ಮಂಡ್ಯ ನಗರದ ಜನಸಂಖ್ಯೆ 2011ರ ಜನಗಣತಿಯಲ್ಲಿ ಸುಮಾರು 1.37 ಲಕ್ಷ. ಅಂದರೆ ನಮಗೆ 6 ಕಿ.ಮೀ. ಅನ್ವಯ.

ನಾವು ಎಡವಲಿದ್ದದ್ದು ಅಳತೆಯಲ್ಲಿ. ನಾಲೆ ಬಳಸಿ ಸೇತುವೆ ದಾಟಿ ಹೋದರೆ ಮೊದಲ ಜಮೀನು ನಗರದಿಂದ 8 ಕಿ.ಮೀ. ಆದರೆ ಕಾನೂನು ನೋಡುವುದು ರಸ್ತೆಯನ್ನಲ್ಲ, ನೇರ ಆಕಾಶ ಮಾರ್ಗದ ದೂರವನ್ನು. ಅದನ್ನೂ ಬಸ್ ನಿಲ್ದಾಣದಿಂದಲ್ಲ, ನಗರಸಭೆಯ ಗಡಿಯಿಂದ ಅಳೆಯಬೇಕು. ಗೂಗಲ್ ಅರ್ಥ್‌ನಲ್ಲಿ ಗೆರೆ ಎಳೆದು ನೋಡಿದರೆ ನಾಲ್ಕೂವರೆ ಕಿ.ಮೀ. ಇತ್ತು. ಎರಡನೆಯದು 11 ಕಿ.ಮೀ. ದೂರ. ಅಷ್ಟಕ್ಕೇ ನಿಲ್ಲಿಸದೆ, ಸುತ್ತಲಿನ ಸಣ್ಣ ಪಟ್ಟಣಗಳ ಗಡಿಯಿಂದಲೂ ಅದು 2 ಕಿ.ಮೀ. ಆಚೆ ಇದೆಯೇ ಎಂದು ಒಂದೊಂದಾಗಿ ನೋಡಿದೆ, ಏಕೆಂದರೆ ಯಾವುದೋ ಒಂದು ಪುರಸಭೆ ಹತ್ತಿರವಿದ್ದರೂ ಲೆಕ್ಕ ತಿರುಗುತ್ತದೆ. ಮೊಬೈಲ್ ನಕ್ಷೆಯನ್ನು ನಂಬಿ ಕೂರದೆ ತಾಲ್ಲೂಕು ಕಚೇರಿಯಿಂದ ದೂರದ ದೃಢೀಕರಣ ಪತ್ರ ತೆಗೆಸಿದೆವು. ಮಾರಾಟದ ದಿನದ ಪಹಣಿಯ ಜೊತೆ ಅದನ್ನು ಜೋಪಾನ ಮಾಡಿದ್ದೇವೆ. ಭೂಪರಿವರ್ತನೆ ಮಾಡಿಸಿ ಸೈಟು ಮಾಡಿದ್ದರೆ ಎರಡನೆಯದೂ ಕೃಷಿ ಭೂಮಿಯಾಗಿ ಉಳಿಯುತ್ತಿರಲಿಲ್ಲ.

ಇನ್ನು ಮೊದಲ ಜಮೀನಿನ ಲೆಕ್ಕ. ಮೂವತ್ತು ಗುಂಟೆ, 48 ಲಕ್ಷಕ್ಕೆ ಹೋಯಿತು. ಪಿತ್ರಾರ್ಜಿತವಾಗಿ ಬಂದಾಗ ನಮಗೆ ತೆರಿಗೆ ಇರಲಿಲ್ಲ. ಮಾರುವಾಗ ಅಪ್ಪನಿಗೆ ಬಿದ್ದ ಬೆಲೆಯೇ ನಮ್ಮ ಬೆಲೆ. ಅಪ್ಪ ಅದನ್ನು 1994ರಲ್ಲಿ 60 ಸಾವಿರಕ್ಕೆ ಕೊಂಡಿದ್ದರು. 2001ರ ಏಪ್ರಿಲ್ 1ಕ್ಕೂ ಮೊದಲು ಕೊಂಡದ್ದಾದ್ದರಿಂದ ಆ ದಿನದ ಮಾರುಕಟ್ಟೆ ಬೆಲೆ ಹಿಡಿಯಬಹುದು, ಆದರೆ ಅದು ಆ ದಿನದ ಮಾರ್ಗಸೂಚಿ ಬೆಲೆಯನ್ನು ದಾಟುವಂತಿಲ್ಲ. ನಾನು 6 ಲಕ್ಷ ಎಂದು ಅಂದಾಜಿಸಿಕೊಂಡಿದ್ದೆ. ಉಪನೋಂದಣಿ ಕಚೇರಿಯ ಹಳೆಯ ಪಟ್ಟಿಯಲ್ಲಿ ಸಿಕ್ಕಿದ್ದು 3 ಲಕ್ಷ, ಹಾಗಾಗಿ ಅಷ್ಟನ್ನೇ ಬರೆದೆವು.

ತಲಾ ಪಾಲು ಹೀಗೆ: ಬಂದದ್ದು 24 ಲಕ್ಷ, ಬೆಲೆ ಒಂದೂವರೆ ಲಕ್ಷ, ಲಾಭ 22.5 ಲಕ್ಷ. 2024ರ ಜುಲೈ 23ಕ್ಕೂ ಮೊದಲಿನ ಆಸ್ತಿಯಾದ್ದರಿಂದ ಎರಡು ದಾರಿಯಲ್ಲಿ ಯಾವುದರಲ್ಲಿ ತೆರಿಗೆ ಕಡಿಮೆಯೋ ಅದನ್ನು ಹಿಡಿಯಬಹುದಿತ್ತು. ಹಣದುಬ್ಬರಕ್ಕೆ ಹೊಂದಿಸಿದರೆ ಬೆಲೆ 5.45 ಲಕ್ಷಕ್ಕೆ ಏರುತ್ತದೆ, ಆದರೆ ದರ ಶೇ. 20, ತೆರಿಗೆ 3.71 ಲಕ್ಷ. ಹೊಂದಿಸದೆ ಶೇ. 12.5ರಂತೆ ಕೊಟ್ಟರೆ 2.81 ಲಕ್ಷ, ಮೇಲೆ ಶೇ. 4 ಸೆಸ್. ಮೂಲ ಬೆಲೆ ಇಷ್ಟು ಸಣ್ಣದಿದ್ದಾಗ ಎರಡನೆಯದೇ ಅಗ್ಗ.

ಅಣ್ಣ ಆ ಜಮೀನನ್ನು ಮಾರುವವರೆಗೂ ತಾನೇ ಉಳುತ್ತಿದ್ದ. ಮಾರಾಟಕ್ಕೆ ಹಿಂದಿನ ಎರಡು ವರ್ಷ ಸ್ವತಃ ಅಥವಾ ತಂದೆತಾಯಿ ವ್ಯವಸಾಯ ಮಾಡಿದ್ದರೆ, ಲಾಭದ ಹಣದಲ್ಲಿ ಎರಡು ವರ್ಷದೊಳಗೆ ಬೇರೆ ಕೃಷಿ ಭೂಮಿ ಕೊಂಡು ವಿನಾಯಿತಿ ಪಡೆಯಬಹುದು. ಪಹಣಿಯ ಬೆಳೆ ಕಾಲಂ, ಕಾರ್ಖಾನೆಗೆ ಕಬ್ಬು ಹಾಕಿದ ರಸೀದಿ ಅವನಿಗೆ ಪುರಾವೆಯಾದವು. ಅವನು 18 ಲಕ್ಷಕ್ಕೆ ಗದ್ದೆ ಕೊಂಡ, ತೆರಿಗೆಗೆ ಉಳಿದದ್ದು 4.5 ಲಕ್ಷ. ಆ ಗದ್ದೆಯನ್ನು ಮೂರು ವರ್ಷದೊಳಗೆ ಮಾರಿದರೆ ವಿನಾಯಿತಿಯ ಲಾಭ ಕೈಬಿಡುತ್ತದೆ.

ನಾನು ಬೆಂಗಳೂರಿನಲ್ಲಿದ್ದೆ, ನೇಗಿಲು ಹಿಡಿದವಳಲ್ಲ. ಅಪ್ಪ ಆ ಎರಡು ವರ್ಷದ ಬಹುಪಾಲು ಬದುಕಿರಲಿಲ್ಲ. ಅಣ್ಣನ ದುಡಿಮೆಯನ್ನು ನನ್ನದೆಂದು ತೋರಿಸಲು ಮನಸ್ಸಾಗಲಿಲ್ಲ. ಬದಲಿಗೆ, ವಿನಾಯಿತಿ ಸಿಗಲು ಆರು ತಿಂಗಳೊಳಗೆ ಕೊಳ್ಳಬೇಕಾದ, ಸರ್ಕಾರಿ ಸಂಸ್ಥೆ ಆರ್‌ಇಸಿಯ ಬಾಂಡಿಗೆ 15 ಲಕ್ಷ ಹಾಕಿದೆ, ಐದು ವರ್ಷ ಅದು ಕೈಗೆ ಬಾರದು. ಉಳಿದ 7.5 ಲಕ್ಷಕ್ಕೆ 93,750 ರೂಪಾಯಿ ತೆರಿಗೆ, ಜೊತೆಗೆ ಸೆಸ್ ಕಟ್ಟಿದೆ.