ರಿಜಿಸ್ಟ್ರಾರ್ ಬದಲಿಸಿದ್ದು ಆಮೇಲೆ, ಡಿಎನ್‌ಎಸ್ ಬದಲಿಸಿದ್ದು ಮೊದಲು: ನನ್ನ ಅನುಭವ

ಸಕಲೇಶಪುರದ ಹತ್ತಿರ ನಮ್ಮ ಭಾವ ಒಂದು ಹೋಂಸ್ಟೇ ನಡೆಸುತ್ತಾರೆ. ಅದರ ವೆಬ್‌ಸೈಟು, ಇಮೇಲು ನೋಡಿಕೊಳ್ಳುವುದು ನನ್ನ ಕೆಲಸ. ಡೊಮೇನ್ ಕೊಂಡಿದ್ದ ಕಡೆ ಮೊದಲ ವರ್ಷ ತೀರಾ ಅಗ್ಗ, ಆಮೇಲೆ ನವೀಕರಣದ ದರ ಏರುತ್ತಲೇ ಹೋಯಿತು. ಬೇರೆ ರಿಜಿಸ್ಟ್ರಾರ್ ಕಡೆಗೆ ಹೋಗೋಣ ಅಂದೆ. ಭಾವ ಹೇಳಿದ್ದು ಒಂದೇ ಮಾತು: "ಸೈಟು ಒಂದು ದಿನ ಕಾಣದಿದ್ದರೂ ಪರವಾಗಿಲ್ಲ ಕಣೋ, ಮೇಲ್ ಮಾತ್ರ ನಿಲ್ಲಬಾರದು. ಬುಕಿಂಗ್ ಎಲ್ಲ ಅದರಲ್ಲೇ ಬರೋದು."

ಅವರ ಮಾತಿನಿಂದಲೇ ಕೆಲಸದ ಕ್ರಮ ತೀರ್ಮಾನವಾಯಿತು. ಡೊಮೇನ್ ವರ್ಗಾವಣೆಯಲ್ಲಿ ಲಾಕ್ ತೆಗೆಯುವುದು, ಕೋಡ್ ಪಡೆಯುವುದು ಸುಲಭ. ಮೇಲ್ ನಿಲ್ಲುವ ಅಪಾಯ ಇರುವುದು ಡಿಎನ್‌ಎಸ್‌ನಲ್ಲಿ, ಅಂದರೆ ಈ ಹೆಸರಿನ ಸೈಟು, ಮೇಲ್ ಯಾವ ಸರ್ವರಿನಲ್ಲಿವೆ ಅಂತ ತಿಳಿಸುವ ವ್ಯವಸ್ಥೆಯಲ್ಲಿ. ಹಾಗಾಗಿ ಮೊದಲು ಅದನ್ನೇ ಕೈಗೆತ್ತಿಕೊಂಡೆ. (ನಿಜವಾದ ಹೆಸರಿನ ಬದಲು ಇಲ್ಲಿ `example.com` ಅಂತ ಬರೆಯುತ್ತೇನೆ.)

ವರ್ಗಾವಣೆ ಆದಾಗ ಡಿಎನ್‌ಎಸ್‌ಗೆ ಏನಾಗುತ್ತದೆ ಎಂಬುದರ ಬಗ್ಗೆ ತುಂಬ ಗೊಂದಲ ಇದೆ. ಡಾಟ್ ಕಾಮ್ ಹೆಸರುಗಳ ಮೂಲ ದಾಖಲೆ ಇರುವುದು ವೆರಿಸೈನ್ ನಡೆಸುವ ರಿಜಿಸ್ಟ್ರಿಯಲ್ಲಿ. ಈ ಡೊಮೇನಿನ ನೇಮ್‌ಸರ್ವರ್‌ಗಳು ಯಾವುವು ಅಂತ ಬರೆದಿರುವುದೂ ಅಲ್ಲೇ. ವರ್ಗಾವಣೆಯಲ್ಲಿ ಬದಲಾಗುವುದು ಅದನ್ನು ನೋಡಿಕೊಳ್ಳುವ ರಿಜಿಸ್ಟ್ರಾರ್ ಮಾತ್ರ. ನೇಮ್‌ಸರ್ವರ್ ಸಾಲು ಹಾಗೇ ಉಳಿಯುತ್ತದೆ. ಆದರೆ `A`, `MX`, `TXT` ರೆಕಾರ್ಡ್‌ಗಳು ರಿಜಿಸ್ಟ್ರಿಯಲ್ಲಿ ಇರುವುದಿಲ್ಲ. ಅವು ಇರುವುದು ನೇಮ್‌ಸರ್ವರ್‌ನಲ್ಲಿ. ಆ ನೇಮ್‌ಸರ್ವರ್ ಹಳೇ ರಿಜಿಸ್ಟ್ರಾರ್ ಪುಕ್ಕಟೆಯಾಗಿ ಕೊಟ್ಟದ್ದಾದರೆ, ಡೊಮೇನ್ ಅವರ ಕೈಬಿಟ್ಟ ಮೇಲೆ ಆ ರೆಕಾರ್ಡ್‌ಗಳನ್ನು ಅವರು ಅಳಿಸಬಹುದು. ಕೆಲವರು ಕೂಡಲೇ ಅಳಿಸುತ್ತಾರೆ, ಕೆಲವರು ಸ್ವಲ್ಪ ದಿನ ಬಿಡುತ್ತಾರೆ. ಅಳಿಸಿದರೆ ರಿಜಿಸ್ಟ್ರಿ ಇನ್ನೂ ಅವರ ಸರ್ವರನ್ನೇ ತೋರಿಸುತ್ತಿರುತ್ತದೆ, ಅಲ್ಲಿ ಹೋಗಿ ಕೇಳಿದರೆ ಉತ್ತರ ಇರುವುದಿಲ್ಲ. ಸೈಟೂ ಹೋಯಿತು, ಮೇಲೂ ಹೋಯಿತು.

ನಮ್ಮದು ಯಾವ ಸ್ಥಿತಿಯಲ್ಲಿದೆ ಅಂತ ನೋಡಿದೆ:

```
dig +short NS example.com
dig +short DS example.com
```

ಮೊದಲ ಸಾಲಿಗೆ ಬಂದದ್ದು ಹಳೇ ರಿಜಿಸ್ಟ್ರಾರಿನ ಸರ್ವರ್‌ಗಳೇ. ಎರಡನೆಯದಕ್ಕೂ ಒಂದು ಉತ್ತರ ಬಂತು, ಅಂದರೆ ಡಿಎನ್‌ಎಸ್ ಉತ್ತರಗಳಿಗೆ ಸಹಿ ಹಾಕುವ ಡಿಎನ್‌ಎಸ್‌ಸೆಕ್ ಕೂಡ ಚಾಲೂ ಇತ್ತು. ಅದರ ವಿಷಯ ಮುಂದೆ ಹೇಳುತ್ತೇನೆ. ಎರಡು ರಿಜಿಸ್ಟ್ರಾರ್‌ಗಳಿಗೂ ಸೇರದ, ಬರೀ ಡಿಎನ್‌ಎಸ್ ಸೇವೆ ಕೊಡುವ ಒಂದು ಕಡೆ ಖಾತೆ ತೆರೆದು ರೆಕಾರ್ಡ್‌ಗಳನ್ನು ಅಲ್ಲಿಗೆ ಒಯ್ಯಲು ನಿರ್ಧರಿಸಿದೆ. ಇನ್ನು ಮುಂದೆ ಎಷ್ಟು ಸಲ ರಿಜಿಸ್ಟ್ರಾರ್ ಬದಲಿಸಿದರೂ ಡಿಎನ್‌ಎಸ್ ಮುಟ್ಟಬೇಕಾಗಿಲ್ಲ ಅಲ್ವಾ.

ರೆಕಾರ್ಡ್‌ಗಳ ನಕಲು ಮಾಡುವುದಕ್ಕೆ ಹೆಚ್ಚು ಸಮಯ ಕೊಟ್ಟೆ. ಇರುವ ರೆಕಾರ್ಡ್‌ಗಳನ್ನೆಲ್ಲ ಒಟ್ಟಿಗೆ ಕೊಡು ಅಂತ ಹೊರಗಿನಿಂದ ಕೇಳಿದರೆ ನೇಮ್‌ಸರ್ವರ್ ಸಾಮಾನ್ಯವಾಗಿ ಕೊಡುವುದಿಲ್ಲ. ಹೆಸರು ಗೊತ್ತಿದ್ದರೆ ಮಾತ್ರ ಉತ್ತರ ಸಿಗುತ್ತದೆ. ಹೊಸ ಸೇವೆಯವರು "ನಾವೇ ಹುಡುಕಿ ತುಂಬಿದ್ದೇವೆ" ಅಂತ ತೋರಿಸುವ ಪಟ್ಟಿ ಇಂಥ ಊಹೆಯಿಂದ ಆದದ್ದು. `www`, `mail` ತರಹದ ಹೆಸರು ಸಿಕ್ಕಿರುತ್ತವೆ, ಅಪರೂಪದ್ದು ತಪ್ಪಿರುತ್ತದೆ. ಹಾಗಾಗಿ ಹಳೇ ಪ್ಯಾನೆಲ್ ಪಕ್ಕಕ್ಕೆ ಇಟ್ಟುಕೊಂಡು ಒಂದೊಂದೇ ಸಾಲು ಹೋಲಿಸಿದೆ. ತಪ್ಪಿದ್ದು ಯಾವುದು ಗೊತ್ತಾ? ಮೇಲ್‌ನ ಡಿಕಿಮ್ ಕೀಲಿ, ಅಂದರೆ ಮೇಲ್ ನಿಜವಾಗಿ ಈ ಡೊಮೇನಿನಿಂದಲೇ ಬಂದದ್ದು ಅಂತ ಸಹಿ ಪರೀಕ್ಷಿಸಲು ಬಳಸುವ ಕೀಲಿ. ಇದು ಇಲ್ಲದಿದ್ದರೂ ಮೇಲ್ ಬರುತ್ತದೆ, ಹೋಗುತ್ತದೆ. ಆದರೆ ಹೋದ ಮೇಲ್ ಅತಿಥಿಗಳ ಸ್ಪ್ಯಾಮ್ ಫೋಲ್ಡರಿಗೆ ಬೀಳತೊಡಗುತ್ತದೆ. ನಮಗೆ ಅದು ಎಷ್ಟೋ ದಿನ ಗೊತ್ತೇ ಆಗುವುದಿಲ್ಲ.

ಡಿಕಿಮ್ ಹೆಸರು ಗೊತ್ತಿಲ್ಲದಿದ್ದರೆ ಹುಡುಕುವುದು ಕಷ್ಟವಲ್ಲ. ಆ ಡೊಮೇನಿನಿಂದ ನಿಮಗೇ ಒಂದು ಮೇಲ್ ಕಳಿಸಿ, ಪೂರ್ತಿ ಹೆಡರ್ ತೆರೆಯಿರಿ. `DKIM-Signature` ಸಾಲಿನಲ್ಲಿ `s=google` ಅಂತ ಇದ್ದರೆ ರೆಕಾರ್ಡಿನ ಹೆಸರು `google._domainkey`. 2048 ಬಿಟ್‌ನ ಕೀಲಿ ಆದರೆ ಅದು 255 ಅಕ್ಷರಕ್ಕಿಂತ ಉದ್ದ. `TXT` ರೆಕಾರ್ಡಿನ ಒಂದು ತುಂಡಿನಲ್ಲಿ ಅದಕ್ಕಿಂತ ಜಾಸ್ತಿ ಹಿಡಿಯುವುದಿಲ್ಲ, ಹಾಗಾಗಿ ಎರಡು ತುಂಡಾಗಿರುತ್ತದೆ. ಕೆಲವು ಪ್ಯಾನೆಲ್ ತಾನೇ ತುಂಡು ಮಾಡುತ್ತದೆ, ಕೆಲವಕ್ಕೆ ನಾವೇ ಉದ್ಧರಣ ಚಿಹ್ನೆ ಹಾಕಿ ಕೊಡಬೇಕು. ಅರ್ಧ ಕೀಲಿ ಮಾತ್ರ ಉಳಿದಿದ್ದರೂ ಪ್ಯಾನೆಲ್‌ನಲ್ಲಿ ಎಲ್ಲ ಸರಿ ಇದ್ದ ಹಾಗೇ ಕಾಣುತ್ತದೆ. ಇನ್ನೊಂದು ಮಾತು: ಹೆಸರಿನ ಜಾಗದಲ್ಲಿ ಬರೀ `www` ಹಾಕಬೇಕೋ ಪೂರ್ತಿ ಹೆಸರು ಹಾಕಬೇಕೋ ಎಂಬುದು ಪ್ಯಾನೆಲ್‌ನಿಂದ ಪ್ಯಾನೆಲ್‌ಗೆ ಬೇರೆ. ತಪ್ಪಿದರೆ `www.example.com.example.com` ಆಗಿ ಕೂರುತ್ತದೆ.

ಹಳೇ ರಿಜಿಸ್ಟ್ರಾರ್ ಒಂದು ವಿಳಾಸಕ್ಕೆ ಮೇಲ್ ಫಾರ್ವರ್ಡಿಂಗ್ ಕೊಡುತ್ತಿದ್ದರೆ, ಒಂದು ಹೆಸರನ್ನು ಇನ್ನೊಂದು ಪುಟಕ್ಕೆ ತಿರುಗಿಸುತ್ತಿದ್ದರೆ, ಅದು ಡಿಎನ್‌ಎಸ್ ರೆಕಾರ್ಡ್ ಅಲ್ಲ, ಅವರ ಸ್ವಂತ ಸೇವೆ. ರೆಕಾರ್ಡ್ ನಕಲು ಮಾಡಿದರೆ ಅದು ಬರುವುದಿಲ್ಲ. ಬೇರೆ ವ್ಯವಸ್ಥೆ ಮಾಡಿಕೊಳ್ಳಬೇಕು.

ಎಲ್ಲ ತುಂಬಿದ ಮೇಲೆ, ಜಗತ್ತಿಗೆ ಇನ್ನೂ ಹಳೇ ಸರ್ವರೇ ಕಾಣುತ್ತಿರುವಾಗ, ಹೊಸ ಸರ್ವರನ್ನು ನೇರವಾಗಿ ಕೇಳಿದೆ:

```
dig +short MX example.com @ns1.example.net
dig +short TXT google._domainkey.example.com @ns1.example.net
```

`@` ಆದಮೇಲೆ ಹೊಸ ನೇಮ್‌ಸರ್ವರಿನ ಹೆಸರು. ಅದೇ ಪ್ರಶ್ನೆಯನ್ನು ಹಳೇ ಸರ್ವರಿಗೂ ಕೇಳಿ, ಉತ್ತರ ಅಕ್ಷರಕ್ಕೆ ಅಕ್ಷರ ಒಂದೇ ಇದೆ ಅಂತ ಖಾತ್ರಿ ಮಾಡಿಕೊಂಡೆ.

ಈಗ ಡಿಎನ್‌ಎಸ್‌ಸೆಕ್. ರಿಜಿಸ್ಟ್ರಿಯಲ್ಲಿರುವ `DS` ರೆಕಾರ್ಡ್ "ಈ ಡೊಮೇನಿನ ಉತ್ತರಗಳಿಗೆ ಈ ಕೀಲಿಯ ಸಹಿ ಇರಲೇಬೇಕು" ಎನ್ನುತ್ತದೆ. ಅದನ್ನು ಹಾಗೇ ಬಿಟ್ಟು ನೇಮ್‌ಸರ್ವರ್ ಬದಲಿಸಿದರೆ, ಹೊಸ ಸರ್ವರ್ ಹತ್ತಿರ ಆ ಕೀಲಿ ಇರುವುದಿಲ್ಲ. ಆಗ ಬಳಕೆದಾರರ ಪರವಾಗಿ ನೇಮ್‌ಸರ್ವರನ್ನು ಕೇಳಿ ಉತ್ತರ ತರುವ, ಸಹಿ ಪರೀಕ್ಷೆಯನ್ನೂ ಮಾಡುವ ರಿಸಾಲ್ವರ್‌ಗಳು, ಉದಾಹರಣೆಗೆ `8.8.8.8` ಮತ್ತು `1.1.1.1`, ಉತ್ತರವನ್ನೇ ತಳ್ಳಿಹಾಕುತ್ತವೆ. ಪರೀಕ್ಷೆ ಮಾಡದ ರಿಸಾಲ್ವರ್ ಬಳಸುವವರಿಗೆ ಸೈಟ್ ಕಾಣುತ್ತದೆ. "ನನ್ನ ಫೋನಿನಲ್ಲಿ ಬರ್ತಿದೆ, ಅವರಿಗೆ ಬರ್ತಿಲ್ಲ" ಎಂಬ ದೂರು ಬಂದರೆ ಮೊದಲು ಇದನ್ನೇ ಅನುಮಾನಿಸಿ. ಸುಮ್ನೆ `dig` ಮಾಡಿದರೆ `SERVFAIL`, ಅದೇ `+cd` ಸೇರಿಸಿ ಕೇಳಿದರೆ ಸರಿಯಾದ ಉತ್ತರ ಬಂತು ಅಂದರೆ ಕಾರಣ ಬಹುಮಟ್ಟಿಗೆ ಇದೇ. ಹಾಗಾಗಿ ಹಳೇ ಪ್ಯಾನೆಲ್‌ನಲ್ಲಿ ಡಿಎನ್‌ಎಸ್‌ಸೆಕ್ ಆಫ್ ಮಾಡಿ, ರಿಜಿಸ್ಟ್ರಿಯಿಂದ `DS` ಹೋದದ್ದನ್ನು ನೋಡಿ, ಅಲ್ಲಿಂದ ಒಂದು ದಿನ ಬಿಟ್ಟೆ. ಡಾಟ್ ಕಾಮ್‌ನಲ್ಲಿ `DS` ರೆಕಾರ್ಡನ್ನು ರಿಸಾಲ್ವರ್‌ಗಳು 86400 ಸೆಕೆಂಡ್, ಅಂದರೆ ಪೂರ್ತಿ ಒಂದು ದಿನ, ನೆನಪಿನಲ್ಲಿ ಇಟ್ಟುಕೊಳ್ಳಬಹುದು.

ಅದಾದ ಮೇಲೆ ನೇಮ್‌ಸರ್ವರ್ ಬದಲಿಸಿದೆ. ಇದನ್ನು ಮಾಡಿದ್ದೂ ಹಳೇ ರಿಜಿಸ್ಟ್ರಾರ್ ಪ್ಯಾನೆಲ್‌ನಲ್ಲೇ, ವರ್ಗಾವಣೆ ಶುರು ಮಾಡುವ ಮುಂಚೆ. ವರ್ಗಾವಣೆ ನಡೆಯುತ್ತಿರುವಾಗ ನೇಮ್‌ಸರ್ವರ್ ಬದಲಿಸಲು ಆಗುವುದಿಲ್ಲ. ಡಾಟ್ ಕಾಮ್‌ನಲ್ಲಿ ನೇಮ್‌ಸರ್ವರ್ ಸಾಲಿನ ಟಿಟಿಎಲ್, ಅಂದರೆ ರಿಸಾಲ್ವರ್‌ಗಳು ಅದನ್ನು ನೆನಪಿನಲ್ಲಿ ಇಟ್ಟುಕೊಳ್ಳಬಹುದಾದ ಅವಧಿ, 172800 ಸೆಕೆಂಡ್, ಎರಡು ದಿನ. ಅದನ್ನು ಕಡಿಮೆ ಮಾಡುವುದು ನಮ್ಮ ಕೈಯಲ್ಲಿಲ್ಲ. ಮೊದಲೇ ರೆಕಾರ್ಡ್‌ಗಳ ಟಿಟಿಎಲ್ ಇಳಿಸಿಕೊಳ್ಳಿ ಅಂತ ಹಲವರು ಹೇಳುತ್ತಾರೆ. ಎರಡೂ ಕಡೆ ರೆಕಾರ್ಡ್ ಒಂದೇ ಇದ್ದರೆ ಅದು ಬೇಕಿಲ್ಲ ಎಂಬುದು ನನ್ನ ಅಭಿಪ್ರಾಯ. ಆ ಎರಡು ದಿನ ಕೆಲವರು ಹಳೇ ಸರ್ವರಿಗೆ, ಕೆಲವರು ಹೊಸದಕ್ಕೆ ಹೋಗುತ್ತಾರೆ, ಇಬ್ಬರಿಗೂ ಅದೇ ಉತ್ತರ. ಆ ಹೊತ್ತಿನಲ್ಲಿ ಯಾವ ರೆಕಾರ್ಡನ್ನೂ ತಿದ್ದದೆ ಇದ್ದರೆ ಆಯಿತು.

ಭಾವನ ಮೇಲ್ ಬರುತ್ತಿದೆ, ಹೋಗುತ್ತಿದೆ, ಡಿಕಿಮ್ ಪಾಸ್ ಆಗುತ್ತಿದೆ ಅಂತ ನೋಡಿ, ಎರಡು ದಿನ ಕಳೆದ ಮೇಲೆ ವರ್ಗಾವಣೆಗೆ ಕೈಹಾಕಿದೆ.

`lookup.icann.org` ನಲ್ಲಿ ಡೊಮೇನ್ ಹುಡುಕಿದರೆ ಅದರ ಸ್ಥಿತಿ ಕಾಣುತ್ತದೆ. `clientTransferProhibited` ಎಂಬುದೇ ಲಾಕ್. ಇದನ್ನು ಹಾಕುವುದು ರಿಜಿಸ್ಟ್ರಾರ್, ಪ್ಯಾನೆಲ್‌ನಲ್ಲಿ ನಾವೇ ತೆಗೆಯಬಹುದು. `server` ಅಂತ ಶುರುವಾಗುವ ಲಾಕ್ ಇದ್ದರೆ ಅದು ರಿಜಿಸ್ಟ್ರಿ ಹಾಕಿದ್ದು, ಪ್ಯಾನೆಲ್ ಗುಂಡಿ ಒತ್ತಿದರೆ ಹೋಗುವುದಿಲ್ಲ, ರಿಜಿಸ್ಟ್ರಾರ್ ಮೂಲಕವೇ ಕೇಳಬೇಕು. ಕಣ್ಣಿಗೆ ಕಾಣದ ಲಾಕ್ ಇನ್ನೊಂದಿದೆ. ಡೊಮೇನ್ ಹೊಸದಾಗಿ ಕೊಂಡು ಅಥವಾ ಹಿಂದಿನ ವರ್ಗಾವಣೆ ಆಗಿ 60 ದಿನ ಆಗಿರದಿದ್ದರೆ ವರ್ಗಾವಣೆಯನ್ನು ತಡೆಯಬಹುದು. ಮಾಲೀಕರ ಹೆಸರು, ಸಂಸ್ಥೆ ಅಥವಾ ಇಮೇಲ್ ಬದಲಿಸಿದರೂ 60 ದಿನದ ತಡೆ ಬೀಳುತ್ತದೆ. ಬದಲಿಸುವ ಮುಂಚೆಯೇ ಅದು ಬೇಡ ಅನ್ನುವ ಆಯ್ಕೆಯನ್ನು ಕೆಲವು ರಿಜಿಸ್ಟ್ರಾರ್‌ಗಳು ಕೊಡುತ್ತವೆ.

ನಮ್ಮ ವಿಷಯದಲ್ಲಿ ಇದೇ ಸೂಕ್ಷ್ಮವಾಗಿತ್ತು. ಮಾಲೀಕರ ಇಮೇಲ್ ಜಾಗದಲ್ಲಿ ಇದ್ದದ್ದು `info@example.com`, ಅಂದರೆ ಅದೇ ಡೊಮೇನಿನ ವಿಳಾಸ. ಡಿಎನ್‌ಎಸ್ ಕೆಟ್ಟರೆ ವರ್ಗಾವಣೆಯ ಮೇಲ್ ಕೂಡ ಬರುವುದಿಲ್ಲ. ಜಿಮೇಲ್‌ಗೆ ಬದಲಿಸೋಣ ಅಂದರೆ 60 ದಿನ ಕಾಯಬೇಕು. ನಾನು ಅದನ್ನು ಮುಟ್ಟಲಿಲ್ಲ. ಡಿಎನ್‌ಎಸ್ ಮೊದಲೇ ಬೇರೆ ಕಡೆ ಭದ್ರವಾಗಿದ್ದರಿಂದ ಆ ಧೈರ್ಯ ಇತ್ತು.

ಲಾಕ್ ತೆಗೆದು ಕೋಡ್ ಕೇಳಿದೆ. ಇದಕ್ಕೆ ಆಥ್ ಕೋಡ್, ಇಪಿಪಿ ಕೋಡ್ ಅಂತೆಲ್ಲ ಹೆಸರು. ಕೆಲವರು ಪ್ಯಾನೆಲ್‌ನಲ್ಲೇ ತೋರಿಸುತ್ತಾರೆ, ಕೆಲವರು ಮೇಲ್ ಮಾಡುತ್ತಾರೆ. ಡೊಮೇನ್ ವ್ಯವಸ್ಥೆಯ ಉಸ್ತುವಾರಿ ಸಂಸ್ಥೆಯಾದ ಐಕ್ಯಾನ್ ನಿಯಮದ ಪ್ರಕಾರ ಕೇಳಿದ 5 ದಿನದೊಳಗೆ ಕೊಡಬೇಕು. ಲಾಕ್ ತೆರೆದಿರುವಾಗ ಈ ಕೋಡ್ ಮನೆ ಬೀಗದ ಕೈ ಇದ್ದ ಹಾಗೆ, ವಾಟ್ಸಾಪ್ ಗ್ರೂಪಿನಲ್ಲಿ ಹಾಕುವ ವಸ್ತುವಲ್ಲ. ಇದರಲ್ಲಿ `$`, `&` ಥರದ ಚಿಹ್ನೆಗಳಿರುತ್ತವೆ. ಮೇಲ್‌ನಿಂದ ಕಾಪಿ ಮಾಡುವಾಗ ಕೊನೆಗೆ ಒಂದು ಖಾಲಿ ಜಾಗವೋ ವಾಕ್ಯದ ಚುಕ್ಕೆಯೋ ಅಂಟಿಕೊಂಡು ಬಂದರೂ ಕೋಡ್ ತಪ್ಪು ಎನ್ನುತ್ತದೆ.

ಹೊಸ ಕಡೆ ಹೆಸರು, ಕೋಡ್ ಕೊಟ್ಟು ದುಡ್ಡು ಕಟ್ಟಿದೆ. ಡಾಟ್ ಕಾಮ್ ವರ್ಗಾವಣೆಯ ಶುಲ್ಕದಲ್ಲಿ ಒಂದು ವರ್ಷದ ನವೀಕರಣವೂ ಸೇರಿರುತ್ತದೆ, ಉಳಿದಿರುವ ಅವಧಿಯ ಮೇಲೆ ಅದು ಸೇರುತ್ತದೆ. ಒಂದು ಎಚ್ಚರ: ಅವಧಿ ಮುಗಿದು ಹಳೇ ಕಡೆ ತಾನಾಗಿಯೇ ನವೀಕರಣವಾಗಿ, ಅದಾದ 45 ದಿನದೊಳಗೆ ವರ್ಗಾಯಿಸಿದರೆ ಹಳೇ ನವೀಕರಣದ ವರ್ಷ ರದ್ದಾಗುತ್ತದೆ. ಅಲ್ಲಿ ಕಟ್ಟಿದ ದುಡ್ಡು ವಾಪಸ್ ಬರುತ್ತದೆ ಎಂಬ ಖಾತ್ರಿ ಇಲ್ಲ. ನಮಗೆ ಅವಧಿ ಇನ್ನೂ ಬಾಕಿ ಇತ್ತು, ಆದರೂ ಆಟೋ ರಿನ್ಯೂವಲ್ ಮೊದಲೇ ಆಫ್ ಮಾಡಿದ್ದೆ.

ಸ್ಥಿತಿ `pendingTransfer` ಆಯಿತು. ಹಳೇ ರಿಜಿಸ್ಟ್ರಾರಿನಿಂದ ಭಾವನಿಗೆ ಒಂದು ಮೇಲ್ ಬಂತು. ಅವರು ಗಾಬರಿಯಾಗಿ ಫೋನ್ ಮಾಡಿದರು: "ಏನೋ ಒತ್ತು ಅಂತಿದಾರಲ್ಲೋ, ಒತ್ತಲಾ?" ಓದಿ ಹೇಳಿ ಅಂದೆ. ಅದರಲ್ಲಿದ್ದ ಕೊಂಡಿ ವರ್ಗಾವಣೆ ನಿಲ್ಲಿಸುವುದಕ್ಕೆ. ಏನೂ ಮಾಡದಿದ್ದರೆ 5 ದಿನದ ಮೇಲೆ ತಾನಾಗಿಯೇ ಆಗುತ್ತದೆ. ಕೆಲವು ಕಡೆ ಪ್ಯಾನೆಲ್‌ನಲ್ಲಿ ಈಗಲೇ ಒಪ್ಪಿಗೆ ಕೊಡುವ ಗುಂಡಿಯೂ ಇರುತ್ತದೆ. ನಮ್ಮಲ್ಲಿ ಇರಲಿಲ್ಲ, ಸುಮ್ಮನೆ ಕಾದೆವು.

ಮುಗಿದ ದಿನ ಮತ್ತೆ ಅದೇ ಪುಟದಲ್ಲಿ ನೋಡಿದೆ. ರಿಜಿಸ್ಟ್ರಾರ್ ಹೆಸರು ಹೊಸದು, ಅವಧಿ ಒಂದು ವರ್ಷ ಮುಂದೆ, ನೇಮ್‌ಸರ್ವರ್‌ಗಳು ಇದ್ದ ಹಾಗೇ. ಲಾಕ್ ಮತ್ತೆ ಹಾಕಿದೆ. ವರ್ಗಾವಣೆ ಆದ ಕಾರಣ 60 ದಿನದ ತಡೆ ಹೇಗೂ ಇರುವುದರಿಂದ, ಮಾಲೀಕರ ಇಮೇಲನ್ನು ಭಾವನ ಜಿಮೇಲ್‌ಗೆ ಬದಲಿಸಲು ಇದೇ ಸರಿಯಾದ ಹೊತ್ತು, ಬದಲಿಸಿದೆ. ಹೊಸ ಡಿಎನ್‌ಎಸ್ ಸೇವೆಯಲ್ಲಿ ಡಿಎನ್‌ಎಸ್‌ಸೆಕ್ ಆನ್ ಮಾಡಿ, ಅದು ಕೊಟ್ಟ `DS` ಸಾಲನ್ನು ಹೊಸ ರಿಜಿಸ್ಟ್ರಾರ್ ಪ್ಯಾನೆಲ್‌ನಲ್ಲಿ ತುಂಬಿದೆ. ಹಳೇ ಸರ್ವರನ್ನು ಕುತೂಹಲಕ್ಕೆ ಕೇಳಿ ನೋಡಿದೆ, ಉತ್ತರ `REFUSED`. ನಮ್ಮ ರೆಕಾರ್ಡ್‌ಗಳನ್ನು ಅವರು ಆಗಲೇ ತೆಗೆದಿದ್ದರು.